ಮೂರು ಸುತ್ತು, 77 ಹೆಸರು, ಎಲ್ಲಕ್ಕೂ "ಬೇಡ". ಕಾರಣ ಮಾತ್ರ ಹೇಳಲ್ಲ. ಮುಂದೇನು?

ಪದಬೇಟೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಒಬ್ಬಳೇ ಕೆಲಸ ಮಾಡುತ್ತೇನೆ. ಸಣ್ಣ ಉದ್ದಿಮೆಗಳಿಗೆ ಹೆಸರು ಹುಡುಕಿಕೊಡುತ್ತೇನೆ, ಲೇಬಲ್ ಬರಹ ಬರೆಯುತ್ತೇನೆ. ಈಗ ಒಂದು ಕೆಲಸದಲ್ಲಿ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ.

ಚಳ್ಳಕೆರೆ ಕಡೆಯ ಒಂದು ಕುಟುಂಬ. ಮರದ ಗಾಣದಲ್ಲಿ ಕಡಲೆಕಾಯಿ ಎಣ್ಣೆ, ಕುಸುಬೆ ಎಣ್ಣೆ, ಕೊಬ್ಬರಿ ಎಣ್ಣೆ ತೆಗೆಯುತ್ತಾರೆ. ಇಷ್ಟು ದಿನ ಸುತ್ತಲ ಊರಿನವರೇ ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು. ಈಗ ಒಂದು ಲೀಟರ್ ಬಾಟಲಿ ಮಾಡಿ ಬೆಂಗಳೂರು, ದಾವಣಗೆರೆ ಅಂಗಡಿಗಳಿಗೆ ಕೊಡಬೇಕು ಅಂತಿದ್ದಾರೆ. ನನ್ನ ಜೊತೆ ಮಾತಾಡುವುದು ಕಿರಿಯ ಮಗ.

ಮೊದಲ ಸುತ್ತಿನಲ್ಲಿ 38 ಹೆಸರು ಕೊಟ್ಟೆ. ದೇವರ ಹೆಸರು, ಸಂಸ್ಕೃತ, ಹೊಸದಾಗಿ ಕಟ್ಟಿದ ಪದ, ಎಲ್ಲ ಬಗೆಯೂ ಇತ್ತು. "ನೋಡಿದೆ, ಬೇರೆ ಕಳ್ಸಿ" ಅಂತ ಉತ್ತರ ಬಂತು. ಎರಡನೇ ಸುತ್ತಿನಲ್ಲಿ 24, ಎಲ್ಲ ಅಚ್ಚಗನ್ನಡ: ತಿರುಳು, ಹಿಂಡಿ, ಬೆಳೆ, ಒಕ್ಕಣೆ, ಹೀಗೆ. "ನೋಡಿದ್ವಿ, ಯಾವ್ದೂ ಕೂತ್ಕೊಳ್ತಿಲ್ಲ" ಅಂದರು. ಮೂರನೇ ಸುತ್ತಿನಲ್ಲಿ 15, ಎರಡೇ ಅಕ್ಷರದ ಪುಟ್ಟ ಹೆಸರುಗಳು: ಹನಿ, ಸಾರ, ಗಾಣ, ಕಣ. ಅದಕ್ಕೆ ಒಂದು ವಾಯ್ಸ್ ಮೆಸೇಜ್ ಬಂತು. "ಇವೂ ಬೇಡ ಅಂದ್ರು ಮೇಡಂ, ಇನ್ನೊಂದಷ್ಟು ನೋಡಿ."

ಯಾಕೆ ಬೇಡ ಅಂತ ಮೂರು ಸಲವೂ ಕೇಳಿದೆ. "ಹಾಗೇನಿಲ್ಲ, ಸುಮ್ನೆ ಮನಸ್ಸಿಗೆ ಬರ್ತಿಲ್ಲ" ಅಂತಾರೆ. ಮಾತು ಸಭ್ಯವಾಗಿಯೇ ಇದೆ, ಜಗಳ ಏನೂ ಇಲ್ಲ. ಒಪ್ಪಿಕೊಂಡದ್ದು ಮೂರೇ ಸುತ್ತು. ನಾಲ್ಕನೇ ಪಟ್ಟಿ ಮಾಡಲಾ? ಮಾಡಿದರೆ ಯಾವ ದಿಕ್ಕಿಗೆ ಹೋಗಲಿ?

ಅಂಕಿ9

ಮೇಡಂ, ಇದು ನ್ಯೂಮರಾಲಜಿ ವಿಷಯ. ನೂರಕ್ಕೆ ನೂರು. ನಾನು ಹತ್ತು ವರ್ಷದಿಂದ ಅಂಗಡಿ ಬೋರ್ಡ್ ಬರೆಸುವವರ ಜೊತೆ ಇದ್ದೇನೆ. ಅವರು ನಿಮ್ಮ ಪಟ್ಟಿಯನ್ನು ತಗೊಂಡು ಹೋಗಿ ಯಾರಿಗೋ ತೋರಿಸುತ್ತಾರೆ, ಕೂಡಿದ ಸಂಖ್ಯೆ ಸರಿ ಬರದಿದ್ದರೆ ಬೇಡ ಅಂತಾರೆ. ಓದಿದವರ ಮುಂದೆ ಹೇಳಿಕೊಳ್ಳಲು ಸಂಕೋಚ. ನೇರವಾಗಿ ಕೇಳಿಬಿಡಿ: "ಯಾವ ಅಕ್ಷರದಿಂದ ಶುರುವಾಗಬೇಕು, ಎಷ್ಟು ಬರಬೇಕು?" ಒಂದೇ ದಿನದಲ್ಲಿ ಮುಗಿಯುತ್ತದೆ.

ಪುಟಾಣಿಅಮ್ಮ

ನಮಗೂ ಇದೇ ಆಯಿತು. ಮಗುವಿಗೆ ಅರವತ್ತು ಹೆಸರು ಹುಡುಕಿದ್ದೆವು. ನಮ್ಮತ್ತೆ ಪ್ರತಿಯೊಂದಕ್ಕೂ ಬೇಡ ಅಂತಿದ್ದರು, ಯಾಕೆ ಅಂದರೆ ಎದ್ದು ಒಳಗೆ ಹೋಗುತ್ತಿದ್ದರು. ನನಗೆ ತುಂಬಾ ಬೇಜಾರಾಗಿತ್ತು. ಕೊನೆಗೆ ನಾದಿನಿ ಹೇಳಿದರು. ನಾವು ಹುಡುಕುತ್ತಿದ್ದುದೆಲ್ಲ ನಮ್ಮ ಮಾವನವರ ಹೆಸರು ಎಲ್ಲೋ ಒಂದು ಕಡೆ ಸೇರಿದ ಹೆಸರುಗಳು. ಅವರ ನೆನಪಿಗೆ ಅಂತ ನಾವು ಬೇಕೆಂದೇ ಹಾಗೆ ಮಾಡಿದ್ದು. ಆದರೆ ಅತ್ತೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ. ಮಗುವನ್ನು ಅವರು ಕರೆಯುವುದಾದರೂ ಹೇಗೆ? ಕಾರಣ ಹೇಳಬೇಕು ಅಂದರೂ ಆ ಹೆಸರು ಹೇಳಬೇಕಲ್ಲ! ಅದಕ್ಕೇ ಬಾಯಿ ಬಿಡುತ್ತಿರಲಿಲ್ಲ. ನಿಮ್ಮ ಮಗುವಿಗೂ ಒಳ್ಳೆಯ ಹೆಸರು ಸಿಗಲಿ. ಹುಡುಗನೋ ಹುಡುಗಿಯೋ?

ಪದಬೇಟೆ

ಅಕ್ಕ, ಇದು ಎಣ್ಣೆಗೆ ಇಡುವ ಹೆಸರು, ಮಗುವಿಗಲ್ಲ. ಆದರೆ ನೀವು ಹೇಳಿದ್ದನ್ನು ಎರಡು ಸಲ ಓದಿದೆ. ಕಾರಣ ಇದ್ದೂ ಹೇಳಲು ಆಗದೇ ಇರಬಹುದು ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ರಾಯರು_ಕಾಪಿಡೆಸ್ಕ್

ನಾನು ಜಾಹೀರಾತು ಕೆಲಸದಲ್ಲಿ 26 ವರ್ಷ ಇದ್ದೆ. ಪುಟಾಣಿಅಮ್ಮ ಅವರ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಮೊದಲು ನಾಲ್ಕನೇ ಪಟ್ಟಿಯ ಯೋಚನೆ ಬಿಡಿ. ಕಾರಣ ಗೊತ್ತಿಲ್ಲದೆ ಮಾಡಿದ ಪಟ್ಟಿ ಬರೀ ಊಹೆ. ಅದೂ ಬಿದ್ದರೆ ಅವರಿಗೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಪಟ್ಟಿ ಬಿಟ್ಟು ಅವರ ಉತ್ತರಗಳನ್ನು ಓದಿ. ಮೊದಲ ಸಲ "ನೋಡಿದೆ" ಅಂದಿದ್ದಾರೆ. ಎರಡನೇ ಸಲ "ನೋಡಿದ್ವಿ". ಮೂರನೇ ಸಲ "ಬೇಡ ಅಂದ್ರು". ಅಂದ್ರು ಅಂದರೆ ಯಾರು? ಮಗ ಬಹುವಚನ ಹಾಕಿ ಮಾತಾಡುತ್ತಿರುವ ಒಬ್ಬ ಹಿರಿಯರು ಅಲ್ಲಿ ಇದ್ದಾರೆ. ಬೇಡ ಅನ್ನುತ್ತಿರುವವರು ಅವರು. ನೀವು ಅವರ ಜೊತೆ ಇವತ್ತಿನ ತನಕ ಒಂದು ಮಾತೂ ಆಡಿಲ್ಲ. ಮಗನಿಗೆ ಕಾರಣ ಗೊತ್ತಿಲ್ಲ ಅನ್ನುವುದು ನಿಜವೇ ಇರಬಹುದು. ಅವನೂ ನಿಮ್ಮಂತೆಯೇ ಕಾಯುತ್ತಿದ್ದಾನೆ.

ಎರಡನೆಯದು, ನೀವು ಹೆಸರನ್ನು ತೋರಿಸಿದ ರೀತಿ. 38 ಹೆಸರು ಒಂದರ ಕೆಳಗೊಂದು ಇದ್ದರೆ ಓದುವವರು ಒಂದಕ್ಕೆ ಎರಡು ಸೆಕೆಂಡ್ ಕೊಡುತ್ತಾರೆ. ಆಗ ಅದು ಹೆಸರಾಗಿ ಕಾಣಲ್ಲ, ಬರೀ ಪದವಾಗಿ ಕಾಣುತ್ತದೆ. "ನಂದಿನಿ" ಅಂತ ಒಂದು ಬಿಳಿ ಹಾಳೆಯ ಮೇಲೆ ಹದಿನೇಳನೆಯ ಸಾಲಿನಲ್ಲಿ ಇದ್ದಿದ್ದರೆ, "ಇದು ನಮ್ಮ ಪಕ್ಕದ ಮನೆ ಹುಡುಗಿ ಹೆಸರು, ಹಾಲಿಗೆ ಯಾಕೆ" ಅಂತ ಯಾರಾದರೂ ಹೊಡೆದು ಹಾಕುತ್ತಿದ್ದರು. ಪ್ಯಾಕೆಟ್ ಮೇಲೆ ಬಂದು ಕೂತಾಗ ಅದು ಹಾಲಿನ ಹೆಸರಾಯಿತು.

ಒಂದು ವಿಷಯ ಕೇಳುತ್ತೇನೆ. ಪಟ್ಟಿಯನ್ನು ಯಾವ ಅಕ್ಷರದಲ್ಲಿ ಕಳಿಸಿದಿರಿ? ಕನ್ನಡದಲ್ಲೋ ಇಂಗ್ಲಿಷ್ ಅಕ್ಷರದಲ್ಲೋ?

ಪದಬೇಟೆ

ಇಂಗ್ಲಿಷ್ ಅಕ್ಷರದಲ್ಲಿ ಸರ್. ಅವರು ವಾಟ್ಸಾಪ್‌ನಲ್ಲಿ ಹಾಗೇ ಬರೆಯುತ್ತಾರೆ ಅಂತ.

ರಾಯರು_ಕಾಪಿಡೆಸ್ಕ್

ಹಾಗಾದರೆ ನಿಮ್ಮ ಎರಡನೇ, ಮೂರನೇ ಪಟ್ಟಿಗಳನ್ನು ಅವರು ಓದಿದಂತೆ ಒಂದು ಸಲ ಓದಿ. ಹಿಂಡಿ ಅಂತ ನೀವು ಬರೆದದ್ದು ಅಲ್ಲಿ Hindi ಆಗಿದೆ. ಗಾಣ Gaana ಆಗಿದೆ, ಅದನ್ನು ಎಲ್ಲರೂ ಹಾಡು ಅಂತಲೇ ಓದುತ್ತಾರೆ. Bele ಅಂದರೆ ಬೆಳೆಯೋ, ಬೆಲೆಯೋ, ಬೇಳೆಯೋ? ನಮ್ಮ ಣ ಮತ್ತು ಳ ಇಂಗ್ಲಿಷ್ ಅಕ್ಷರಕ್ಕೆ ಹೋದ ಕೂಡಲೇ ಕಳೆದುಹೋಗುತ್ತವೆ. ದೀರ್ಘವೂ ಹೋಗುತ್ತದೆ. ಎಷ್ಟು ಹೆಸರು ನಿಜವಾಗಿ ಬಿದ್ದವು, ಎಷ್ಟು ತಪ್ಪು ಓದಿನಿಂದ ಬಿದ್ದವು ಅಂತ ಈಗ ಹೇಳುವ ಹಾಗೇ ಇಲ್ಲ. ಬೆಂಗಳೂರಿನ ಅಂಗಡಿಗೆ ಹೋಗುವ ಬಾಟಲಿಯ ಮೇಲೆ ಎರಡೂ ಅಕ್ಷರ ಇರುತ್ತವೆ ಅಲ್ವಾ? ಹಾಗಾಗಿ ಪ್ರತಿ ಹೆಸರನ್ನೂ ಎರಡರಲ್ಲೂ ಬರೆದು ನೋಡಲೇಬೇಕು.

ಕ್ಲಾಸ್29

ನಾನು ಟ್ರೇಡ್‌ಮಾರ್ಕ್ ಅರ್ಜಿಗಳ ಕೆಲಸ ಮಾಡುತ್ತೇನೆ. ನನ್ನ ಕಡೆಯಿಂದ ಒಂದೇ ಮಾತು. ತೋರಿಸುವ ಮೊದಲೇ ಹುಡುಕಿ, ಒಪ್ಪಿಗೆ ಆದ ಮೇಲೆ ಅಲ್ಲ. ಅಡುಗೆ ಎಣ್ಣೆ 29ನೇ ಕ್ಲಾಸ್‌ನಲ್ಲಿ ಬರುತ್ತದೆ. ಸರ್ಕಾರದ ಟ್ರೇಡ್‌ಮಾರ್ಕ್ ತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಅಕ್ಷರ ಹೊಂದುವ ಹುಡುಕಾಟ ಒಂದು, ಉಚ್ಚಾರ ಹೊಂದುವ ಹುಡುಕಾಟ ಇನ್ನೊಂದು. ಎರಡನ್ನೂ ಮಾಡಿ. ಒಂದು a ಜಾಸ್ತಿ ಹಾಕಿದರೆ ಬೇರೆ ಹೆಸರಾಗಲ್ಲ, ಕೇಳಲು ಒಂದೇ ಥರ ಇದ್ದರೆ ತೊಂದರೆಯೇ.

ಮತ್ತೆ, "ಗಾಣ" ಅಂತ ಬರೀ ಒಂದು ಪದ ಇಟ್ಟುಕೊಂಡರೆ ಅದು ನಿಮ್ಮದಾಗಲ್ಲ. ವಸ್ತು ಏನು, ಎಂಥದ್ದು, ಎಲ್ಲಿಯದು ಅಂತ ಹೇಳುವ ಪದಗಳಿಗೆ 1999ರ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೇ ಹೆಸರಾದ ಊರು, ಹಾಗಾಗಿ ಊರಿನ ಹೆಸರನ್ನೂ ಒಬ್ಬರೇ ಹಿಡಿದುಕೊಳ್ಳುವುದು ಕಷ್ಟ.

ದಾವಣಗೆರೆ_ಲೇಬಲ್

ನಾನು ಸ್ಟಿಕ್ಕರ್ ಪ್ರಿಂಟ್ ಮಾಡುವವನು. ರಾಯರು ಹೇಳಿದ್ದು ನಿಜ. ನಮ್ಮಲ್ಲಿಗೆ ಒಬ್ಬರು ಉಪ್ಪಿನಕಾಯಿಗೆ ಹೆಸರು ಒಪ್ಪದೆ ನಾಲ್ಕು ತಿಂಗಳು ಅಲೆದಾಡಿದ್ದರು. ನಾನು ಅವರ ಪಟ್ಟಿಯಿಂದ ಎರಡು ಹೆಸರು ತೆಗೆದು ಎರಡು ಬಾಟಲಿಗೆ ಅಂಟಿಸಿ ಕೌಂಟರ್ ಮೇಲೆ ಇಟ್ಟೆ. ಮಾತಾಡುತ್ತಾ ಮಾತಾಡುತ್ತಾ ಅವರ ಕೈ ಒಂದೇ ಬಾಟಲಿಗೆ ಹೋಗುತ್ತಿತ್ತು. ಒಂದು ಹಾಳೆ ಡಿಜಿಟಲ್ ಪ್ರಿಂಟ್‌ಗೆ ಏನು ಮಹಾ ಖರ್ಚು ಬರುತ್ತದೆ ಮೇಡಂ? ಪಿಡಿಎಫ್ ಕಳಿಸಬೇಡಿ, ಬಾಟಲಿ ಕಳಿಸಿ.

ಒತ್ತಕ್ಷರ ಜಾಸ್ತಿ ಇರುವ ಹೆಸರು ಸಣ್ಣ ಲೇಬಲ್‌ಗೆ ಕಷ್ಟ. ಕೆಳಗೆ ಜಾಗ ತಿನ್ನುತ್ತದೆ, ಅಕ್ಷರ ಸಣ್ಣದಾಗುತ್ತದೆ. ಅದನ್ನೂ ನೋಡಿಕೊಳ್ಳಿ.

ಪದಬೇಟೆ

ಇವತ್ತು ಮಗನಿಗೆ ಫೋನ್ ಮಾಡಿದೆ. ಅಂಕಿ9 ಅವರು ಹೇಳಿದಂತೆ ಸಂಖ್ಯೆಯ ವಿಷಯವನ್ನೂ ನೇರವಾಗಿ ಕೇಳಿದೆ. ಇಲ್ಲ ಅಂದರು, ಅವರ ಮನೆಯಲ್ಲಿ ಆ ರೂಢಿ ಇಲ್ಲವಂತೆ. "ಬೇಡ ಅಂದ್ರು ಅಂದಿರಲ್ಲ, ಯಾರು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಮ್ಮ" ಅಂದರು.

ಗಾಣ ನಡೆಸುವುದು ಅಮ್ಮನೇ ಅಂತೆ. ಕಾಯಿ ಕೊಳ್ಳುವುದು, ಲೆಕ್ಕ, ಎಲ್ಲ ಅವರದೇ. ಸಂಜೆ ಅವರು ಕೆಲಸ ಮಾಡುತ್ತಿರುವಾಗ ಮಗ ನನ್ನ ಪಟ್ಟಿಯನ್ನು ಮೊಬೈಲ್ ನೋಡಿ ಓದಿ ಹೇಳುತ್ತಿದ್ದರಂತೆ. ಗಾಣ ತಿರುಗುವ ಸದ್ದಿನಲ್ಲಿ! ನನಗೆ ಮನಸ್ಸಿಗೆ ಚುಚ್ಚಿತು. ಈ ಶನಿವಾರ ಹೋಗುತ್ತೇನೆ. ಏನು ಕೇಳಲಿ ರಾಯರೇ?

ರಾಯರು_ಕಾಪಿಡೆಸ್ಕ್

ನಿಮ್ಮ ಹೆಸರುಗಳ ಬಗ್ಗೆ ಏನೂ ಕೇಳಬೇಡಿ. "ಯಾಕೆ" ಅನ್ನುವ ಪದವನ್ನೇ ಬಾಯಿಗೆ ತರಬೇಡಿ. ಅದು ಪರೀಕ್ಷೆ ಥರ ಕೇಳಿಸುತ್ತದೆ. ನಮ್ಮ ಜನ ಮನೆಗೆ ಬಂದವರ ಕೆಲಸವನ್ನು ಮುಖಕ್ಕೆ ಹೊಡೆದಂತೆ ಹಳಿಯಲ್ಲ, "ಚೆನ್ನಾಗಿದೆ" ಅಂತ ಸುಮ್ಮನಾಗುತ್ತಾರೆ.

ಹೀಗೆ ಮಾಡಿ. ಅಂಗಡಿಗೆ ಹೋಗಿ ಈಗಾಗಲೇ ಇರುವ ಎಣ್ಣೆ, ಬೆಲ್ಲ, ಹಿಟ್ಟು, ಮಸಾಲೆ ಪುಡಿಯ ಹೆಸರು ಒಂದಿಪ್ಪತ್ತು ಬರೆದುಕೊಳ್ಳಿ. ಒಂದೊಂದು ಕಾರ್ಡಿನಲ್ಲಿ ಒಂದೊಂದು, ದೊಡ್ಡ ಕನ್ನಡ ಅಕ್ಷರದಲ್ಲಿ. ನಿಮ್ಮ ಹೆಸರು ಒಂದೂ ಬೇಡ. ಅಮ್ಮನ ಕೈಗೆ ಕೊಟ್ಟು "ಇದರಲ್ಲಿ ನಿಮ್ಮ ಗಾಣಕ್ಕೆ ಇಡಬಹುದಾದಂಥದ್ದು ಒಂದು ಕಡೆ, ಇಡಬಾರದಂಥದ್ದು ಒಂದು ಕಡೆ ಹಾಕಿ" ಅನ್ನಿ. ಬೇರೆಯವರ ಹೆಸರನ್ನು ಬೇಡ ಅನ್ನಲು ಯಾರಿಗೂ ಸಂಕೋಚ ಇರಲ್ಲ. ನೀವು ಸುಮ್ಮನೆ ನೋಡುತ್ತಾ ಕೂತಿರಿ. ಯಾವುದನ್ನು ತಕ್ಷಣ ಹಾಕಿದರು, ಯಾವ ಕಾರ್ಡ್ ಕೈಯಲ್ಲೇ ಉಳಿಯಿತು, ಅದನ್ನು ಬರೆದುಕೊಳ್ಳಿ. ಮುಗಿದ ಮೇಲೆ ಎರಡು ಗುಂಪು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು. ಊರಿನವರು ಈಗ ಅವರ ಎಣ್ಣೆಯನ್ನು ಏನಂತ ಕರೆಯುತ್ತಾರೆ, ಕೇಳಿ. ಹೆಸರಿಲ್ಲದ ವಸ್ತುವಿಗೂ ಜನ ಒಂದು ಹೆಸರು ಇಟ್ಟಿರುತ್ತಾರೆ. ಅಮ್ಮನ ತಲೆಯಲ್ಲಿ ಅದು ಇದ್ದರೆ, ನಿಮ್ಮ 77 ಹೆಸರೂ ಅದರ ಜೊತೆ ತೂಗಿ ಬಿದ್ದಿವೆ.

ಅಂಕಿ9

ಸಂಖ್ಯೆ ಇಲ್ಲ ಅಂದರೆ ಬೇರೆ ಏನೋ ನಂಬಿಕೆ ಇರುತ್ತದೆ. ನಾನು ಇನ್ನೂ ಅದನ್ನೇ ಹೇಳುತ್ತೇನೆ.

ಪದಬೇಟೆ

ಹೋಗಿ ಬಂದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

22 ಕಾರ್ಡ್ ತಗೊಂಡು ಹೋಗಿದ್ದೆ. ಅಮ್ಮ ಎರಡು ಗುಂಪು ಮಾಡಲಿಲ್ಲ, ಮೂರು ಮಾಡಿದರು. ಮೂರನೆಯದನ್ನು ಅವರೇ ಶುರು ಮಾಡಿದ್ದು. ಅದರಲ್ಲಿ ದೇವರ ಹೆಸರಿದ್ದ ಕಾರ್ಡ್‌ಗಳೆಲ್ಲ ಇದ್ದವು. ಅವುಗಳನ್ನು "ಬೇಡ" ಗುಂಪಿಗೆ ಹಾಕಲು ಅವರಿಗೆ ಮನಸ್ಸಿಲ್ಲ, ಒಂದೇ ಸಮ ಜೋಡಿಸಿ ಪಕ್ಕಕ್ಕೆ ಇಟ್ಟರು. ಆಮೇಲೆ ತಾವಾಗಿಯೇ ಹೇಳಿದರು: "ಖಾಲಿ ಆದ್ಮೇಲೆ ಬಾಟ್ಲಿ ಎಲ್ಲಿಗವ್ವಾ ಹೋಗೋದು? ತಿಪ್ಪೆಗೆ. ದೇವರ ಹೆಸರು ತಿಪ್ಪೇಲಿ ಬೀಳ್ಬಾರ್ದು." ನನ್ನ ಮೊದಲ ಪಟ್ಟಿಯ 38ರಲ್ಲಿ 14 ದೇವರ ಹೆಸರು ಇದ್ದವು. ದೇವರ ಹೆಸರನ್ನು ಬೇಡ ಅನ್ನುವುದು ಹೇಗೆ? ಅದಕ್ಕೇ ಸುಮ್ಮನಿದ್ದದ್ದು. ಅಂಕಿ9 ಅವರೇ, ನೀವು ಅರ್ಧ ಸರಿ ಇದ್ದಿರಿ.

ಎರಡನೆಯದು. ಒಂದೇ ಪದದ ಪುಟ್ಟ ಹೆಸರುಗಳನ್ನೆಲ್ಲ ಬೇಡ ಅಂತ ಹಾಕಿದರು. ಒಂದು ಕಾರ್ಡ್ ಹಿಡಿದು ಮಗನಿಗೆ "ಅಂಗಡೀಲಿ ಇದನ್ನ ಹೆಂಗೆ ಕೇಳ್ತಾರಪ್ಪ?" ಅಂದರು. ನನಗೆ ಅಲ್ಲೇ ಗೊತ್ತಾಯಿತು. ನನ್ನ ಮೂರನೇ ಪಟ್ಟಿಯನ್ನು ಅಂಗಡಿಯ ಮಾತಿನಲ್ಲಿ ಹೇಳಿ ನೋಡಿ. "ಒಂದು ಲೀಟರ್ ಹನಿ ಕೊಡಿ." ಜೇನುತುಪ್ಪ ಕೊಡುತ್ತಾರೆ. "ಒಂದು ಲೀಟರ್ ಸಾರ ಕೊಡಿ." ಸಾರು ಅಂತ ಕೇಳಿಸುತ್ತದೆ. ನಾನು ಹಾಳೆಯ ಮೇಲೆ ಚೆಂದ ಕಾಣುವುದನ್ನು ಹುಡುಕಿದ್ದೆ. ಅವರು ಬಾಯಲ್ಲಿ ಕೇಳುವುದನ್ನು ಹುಡುಕುತ್ತಿದ್ದರು. ಹೆಸರಿನ ಹಿಂದೆ "ಎಣ್ಣೆ" ಅನ್ನುವ ಪದ ಬಂದು ಸಲೀಸಾಗಿ ಕೂರಬೇಕು. ಮಗ ಹೇಳುತ್ತಿದ್ದ "ಕೂತ್ಕೊಳ್ತಿಲ್ಲ" ಅಮ್ಮನ ಮಾತು.

ಮೂರನೆಯದು ರಾಯರು ಹೇಳಿದ ಪ್ರಶ್ನೆ. ಗಾಣದ ಮುಂದೆ ದೊಡ್ಡ ಬೇವಿನ ಮರ ಇದೆ, ಅದಕ್ಕೆ ಕಟ್ಟೆ ಇದೆ. ಜನ ಡಬ್ಬಿ ಇಟ್ಟುಕೊಂಡು ಅಲ್ಲೇ ಕೂತಿರುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಅದನ್ನು "ಬೇವಿನಮರದ ಗಾಣ" ಅಂತಾರಂತೆ. ಅದನ್ನು ಹೇಳುವಾಗ ಅಮ್ಮನ ಮುಖ ನೋಡಬೇಕಿತ್ತು. ಆದರೆ ಅದನ್ನೇ ಇಡೋಣ ಅಂದರೆ ಅವರೇ ತಲೆ ಆಡಿಸಿದರು. ಬಾಟಲಿ ಮೇಲೆ ಬೇವು ಅಂತ ಇದ್ದರೆ ಬೇವಿನ ಎಣ್ಣೆ ಅಂದುಕೊಳ್ಳುತ್ತಾರೆ. ಅದನ್ನು ಗಿಡಕ್ಕೆ ಹೊಡೆಯುತ್ತಾರೆ, ಒಗ್ಗರಣೆಗೆ ಹಾಕಲ್ಲ.

ರಾಯರು_ಕಾಪಿಡೆಸ್ಕ್

ತುಂಬಾ ಒಳ್ಳೆಯ ಕೆಲಸ ಮಾಡಿದ್ದೀರಿ. ಈಗ ನಿಮ್ಮ ಹತ್ತಿರ ಮೂರು ಅಳತೆ ಇದೆ: ದೇವರ ಹೆಸರು ಬೇಡ, ಹಿಂದೆ ಎಣ್ಣೆ ಕೂರಬೇಕು, ಆ ಮರ ಎಲ್ಲೋ ಒಂದು ಕಡೆ ಇರಬೇಕು ಆದರೆ ಬೇವು ಅನ್ನಬಾರದು. ಇದಕ್ಕೆ ಹೊಂದುವ ಐದೇ ಹೆಸರು ಮಾಡಿ. ಆರನೆಯದು ಬೇಡ.

ಪದಬೇಟೆ

ಮಾಡಿದ್ದೇನೆ. ಸಾಲುಮರ, ಕಟ್ಟೆಗಾಣ, ಮರದಡಿ, ನೆರಳು, ಊರಗಾಣ. ನಿಮ್ಮ ಮಾತು ಕೇಳಿ ಎರಡೂ ಅಕ್ಷರದಲ್ಲಿ ಬರೆದು ನೋಡಿದೆ. ಕಟ್ಟೆಗಾಣ Kattegaana ಆಗುತ್ತದೆ. ಅದು ಕತ್ತೆಯ ಹಾಡು ಅಂತ ಓದಿಸಿಕೊಳ್ಳುತ್ತದೆ! ತೆಗೆದುಹಾಕಿದೆ. ಊರಗಾಣಕ್ಕೂ ಅದೇ ಗಾನದ ತೊಂದರೆ.

ರಾಯರು_ಕಾಪಿಡೆಸ್ಕ್

ಸಾಲುಮರವನ್ನೂ ಬಿಡಿ. ಕನ್ನಡದಲ್ಲಿ ಆ ಪದ ಕೇಳಿದರೆ ತಿಮ್ಮಕ್ಕನೇ ನೆನಪಾಗುವುದು. ಅವರ ದುಡಿಮೆಯ ಹೆಸರನ್ನು ಎಣ್ಣೆ ಮಾರಲು ಬಳಸಿದಂತೆ ಆಗುತ್ತದೆ, ನನಗೆ ಅದು ಸರಿ ಅನ್ನಿಸಲ್ಲ. ನೆರಳು ಮತ್ತೆ ಒಂದು ಪದದ ಹೆಸರು, "ನೆರಳು ಎಣ್ಣೆ" ಅಂತ ಬಾಯಲ್ಲಿ ಹೇಳಿ ನೋಡಿ, ಎಡವುತ್ತದೆ. "ಮರದಡಿ ಎಣ್ಣೆ" ಸಲೀಸಾಗಿ ಬರುತ್ತದೆ.

ಆದರೆ ಒಂದನ್ನೇ ತಗೊಂಡು ಹೋಗಬೇಡಿ, ಒತ್ತಾಯ ಮಾಡಿದಂತೆ ಆಗುತ್ತದೆ. ಎರಡು ತಗೊಂಡು ಹೋಗಿ. ಯಾವುದನ್ನು ಬಿಡೋಣ ಅಂತ ಕೇಳಿ.

ದಾವಣಗೆರೆ_ಲೇಬಲ್

ಮರದಡಿಯಲ್ಲಿ ಒಂದೂ ಒತ್ತಕ್ಷರ ಇಲ್ಲ. ಎಷ್ಟು ದೊಡ್ಡದಾಗಿ ಬೇಕಾದರೂ ಹಾಕಬಹುದು. ಫೈಲ್ ಕಳಿಸಿ ಮೇಡಂ, ಎರಡು ಬಾಟಲಿಗೆ ಆಗುವಷ್ಟು ಮಾಡಿ ಬಸ್ಸಿಗೆ ಹಾಕುತ್ತೇನೆ.

ಕ್ಲಾಸ್29

ಮರದಡಿ ಅನ್ನುವುದು ಎಣ್ಣೆಯ ಬಗ್ಗೆ ನೇರವಾಗಿ ಏನೂ ಹೇಳಲ್ಲ. ಸೆಕ್ಷನ್ 9ರ ಮಟ್ಟಿಗೆ ಅದು ಒಳ್ಳೆಯದು. Maradadi, Mardadi, Maradi, ಎಲ್ಲವನ್ನೂ ಹುಡುಕಿ. ಕನ್ನಡ ಅಕ್ಷರದಲ್ಲಿ ಅರ್ಜಿ ಹಾಕುವುದಾದರೆ ಅದರ ಉಚ್ಚಾರ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು. ಸಣ್ಣ ಉದ್ದಿಮೆ ಅಂತ ಉದ್ಯಮ್ ನೋಂದಣಿ ಇದ್ದರೆ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸ್‌ಗೆ 4,500 ರೂಪಾಯಿ, ಇಲ್ಲದ ಕಂಪನಿಗೆ 9,000. ಮೊದಲು ಉದ್ಯಮ್ ಮಾಡಿಸಲು ಹೇಳಿ.

ಪುಟಾಣಿಅಮ್ಮ

ನನಗೆ ಆ ಅಮ್ಮನ ಮಾತು ತುಂಬಾ ಹಿಡಿಸಿತು. ಬಾಟಲಿ ಬಂದರೆ ನಾನೂ ತರಿಸುತ್ತೇನೆ.

ಪದಬೇಟೆ

ಎರಡು ಬಾಟಲಿ ಕಳಿಸಿ ಒಂಬತ್ತು ದಿನ ಆಯಿತು. ಮರದಡಿ ಒಂದರ ಮೇಲೆ, ನೆರಳುಮರ ಇನ್ನೊಂದರ ಮೇಲೆ. ತಕ್ಷಣ ಹೇಳಬೇಡಿ, ಅಡುಗೆಮನೆಯಲ್ಲಿ ಇಟ್ಟುಕೊಂಡು ಒಂದು ವಾರ ಬಳಸಿ ಅಂತ ಹೇಳಿದ್ದೆ.

ನಡುವೆ ಒಂದು ತೊಡಕು ಬಂದಿದೆ. ಆ ಮಗನ ಅಣ್ಣ ಒಬ್ಬರು ಪುಣೆಯಲ್ಲಿದ್ದಾರೆ, ಅವರೂ ದುಡ್ಡು ಹಾಕಿದ್ದಾರೆ. ಅಲ್ಲಿಯವರಿಗೆ ಮರದಡಿ ಅಂದರೆ ಏನೂ ಗೊತ್ತಾಗಲ್ಲ, ಎಲ್ಲ ಕಡೆ ನಡೆಯುವ ಹೆಸರು ಬೇಕು ಅಂತಾರೆ. ಅವರ ಮಾತಿನಲ್ಲೂ ಅರ್ಥ ಇದೆ. ಈ ಅಣ್ಣನ ಬಗ್ಗೆ ಶುರುವಿನಲ್ಲೇ ಕೇಳಬೇಕಿತ್ತು ನಾನು.

ರಾಯರು_ಕಾಪಿಡೆಸ್ಕ್

ಅಣ್ಣನಿಗೂ ಒಂದು ಬಾಟಲಿ ಕಳಿಸಿ, ಫೋಟೋ ಅಲ್ಲ. ಮೊದಲ ವರ್ಷ ಎಲ್ಲೆಲ್ಲಿ ಮಾರುತ್ತೀರಿ ಅಂತ ಅವರನ್ನೇ ಕೇಳಿ. ಬೆಂಗಳೂರು, ದಾವಣಗೆರೆ ಅಂದರೆ ಹೆಸರು ಅಲ್ಲಿಯವರಿಗೆ ಗೊತ್ತಾದರೆ ಸಾಕು. ಪುಣೆಯೂ ಸೇರಿದೆ ಅಂದರೆ ಅಣ್ಣನ ಮಾತನ್ನು ತೆಗೆದುಹಾಕಲು ಆಗಲ್ಲ.

ನಾಲ್ಕನೇ ಸುತ್ತಿಗೆ ದುಡ್ಡು ಕೇಳಿದಿರಾ?

ಪದಬೇಟೆ

ಚಳ್ಳಕೆರೆಗೆ ಹೋಗಿ ಬಂದ ಖರ್ಚು ಮತ್ತು ಒಂದು ದಿನದ ಕೂಲಿ ಅಂತ ಕೇಳಿದೆ. ಅಮ್ಮನಿಗೆ ಮೊದಲೇ ತೋರಿಸದೇ ಇದ್ದದ್ದು ನನ್ನ ತಪ್ಪು, ಹೆಸರುಗಳಿಗೆ ಕೇಳಲಿಲ್ಲ.

ಕ್ಲಾಸ್29

ಇದನ್ನು ನಾನು ಒಪ್ಪಲ್ಲ. ಮನೆಯಲ್ಲಿ ಯಾರು ಒಪ್ಪಬೇಕು ಅಂತ ಹೇಳುವುದು ಗಿರಾಕಿಯ ಕೆಲಸ. ನೀವು ನಾಲ್ಕು ಸುತ್ತು ದುಡಿದಿದ್ದೀರಿ.

ಪದಬೇಟೆ

ಇರಬಹುದು ಸರ್. ಮುಂದಿನ ಕೆಲಸದಿಂದ ಒಪ್ಪಂದದಲ್ಲೇ ಒಂದು ಸಾಲು ಹಾಕುತ್ತೇನೆ: "ಹೆಸರಿಗೆ ಬೇಡ ಅನ್ನುವ ಹಕ್ಕು ಯಾರಿಗೆಲ್ಲ ಇದೆ? ಅವರೆಲ್ಲ ಮೊದಲ ದಿನ ಇರಬೇಕು."

ಈಗ ತಾನೇ ಅಮ್ಮ ಫೋನ್ ಮಾಡಿದ್ದರು. ಮಗನ ಕೈಲಿ ಮಾಡಿಸಲಿಲ್ಲ, ಅವರೇ ಮಾಡಿದ್ದು. ನೆರಳುಮರದ ಬಾಟಲಿ ಖಾಲಿ ಮಾಡಿ ತೊಳೆದು ಇಟ್ಟಿದ್ದಾರಂತೆ. ಮರದಡಿ ಬಗ್ಗೆ ಒಂದೇ ಮಾತು ಹೇಳಿದರು: "ಆ ಅಕ್ಷರ ಇನ್ನೊಂಚೂರು ದಪ್ಪ ಮಾಡ್ಸವ್ವ, ಕನ್ನಡಕ ಇಲ್ದಿದ್ರೆ ಕಾಣಲ್ಲ."

ಅಣ್ಣನ ಬಾಟಲಿ ಇವತ್ತು ಪುಣೆಗೆ ಹೊರಟಿದೆ. ದಾವಣಗೆರೆ_ಲೇಬಲ್ ಅವರೇ, ದಪ್ಪ ಅಕ್ಷರದ ಫೈಲ್ ರಾತ್ರಿ ಕಳಿಸುತ್ತೇನೆ.